ಸೂಜಿಮೊನೆಯಿಂದ ವಿದ್ಯುತ್ ಸೋರುವುದೇಕೆ? ಊಟದ ತಟ್ಟೆಯಲ್ಲೇ ನೋಡಿ

ಶಿವರಾತ್ರಿ ಕಳೆದು ಮೈಸೂರಿನ ಹವೆ ಒಣಗಿರುವಾಗ ಈ ಪ್ರಯೋಗ ಚೆನ್ನಾಗಿ ಬರುತ್ತದೆ. ಮಳೆಗಾಲದಲ್ಲಿ ಥರ್ಮಾಕೋಲ್ ಮೇಲೆ ತೇವ ಕೂತು ವಿದ್ಯುದಾವೇಶ ನಿಲ್ಲುವುದೇ ಇಲ್ಲ.

ಬೇಕಾಗಿರುವುದು ಥರ್ಮಾಕೋಲ್ ಹಲಗೆ, ಉಣ್ಣೆ ಬಟ್ಟೆ, ಹೊಲಿಗೆ ಸೂಜಿ ಮತ್ತು ಅಂಚು ಮಡಿಸಿದ ಸ್ಟೀಲ್ ತಟ್ಟೆ. ಅಂಚು ಹರಿತವಾಗಿದ್ದರೆ ಅಲ್ಲಿಂದಲೇ ಆವೇಶ ಸೋರುತ್ತದೆ, ಹಾಗಾಗಿ ದೇವರಾಜ ಮಾರುಕಟ್ಟೆ ಕಡೆ ತಟ್ಟೆ ಕೊಳ್ಳುವಾಗ ಅಂಚನ್ನು ಬೆರಳಿನಿಂದ ಸವರಿ ನೋಡಿ. ಹಿಡಿಕೆಗೆ ತಟ್ಟೆಯ ಮಧ್ಯೆ ಪ್ಲಾಸ್ಟಿಕ್ ಲೋಟವೊಂದನ್ನು ಅಂಟಿಸಿ.

ಮೊದಲು ಥರ್ಮಾಕೋಲನ್ನು ಉಣ್ಣೆಯಿಂದ ಚೆನ್ನಾಗಿ ಉಜ್ಜಿ, ಅದರ ಮೇಲೆ ತಟ್ಟೆ ಇಟ್ಟು, ತಟ್ಟೆಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ. ಈಗ ಲೋಟ ಹಿಡಿದು ಮೇಲೆತ್ತಿ, ಬೆರಳ ಗೆಣ್ಣನ್ನು ಅಂಚಿನ ಹತ್ತಿರ ತನ್ನಿ. ಚಟ್ ಎಂದು ಕಿಡಿ ಹಾರುತ್ತದೆ. ಕಿಡಿಯ ಉದ್ದ 3 ಮಿ.ಮೀ. ಇದ್ದರೆ ತಟ್ಟೆಯ ವಿಭವ, ಎಂದರೆ ವೋಲ್ಟೇಜ್, ಸುಮಾರು 10,000 ವೋಲ್ಟ್.

ಎರಡನೇ ಸಲ ಸೂಜಿಯ ಮೊನೆ ಅಂಚಿನಿಂದ ಮೂರು ಸೆಂ.ಮೀ. ಹೊರಚಾಚುವಂತೆ, ಅದರ ಬುಡ ತಟ್ಟೆಯ ಲೋಹಕ್ಕೆ ತಾಗಿರುವಂತೆ ಟೇಪು ಹಾಕಿ. ಮತ್ತೆ ಉಜ್ಜಿ, ಮುಟ್ಟಿ, ಎತ್ತಿ, ಸ್ವಲ್ಪ ಹೊತ್ತು ಬಿಟ್ಟು ಗೆಣ್ಣು ಹಿಡಿಯಿರಿ. ಕಿಡಿ ಕುಗ್ಗಿರುತ್ತದೆ, ಇಲ್ಲವೇ ಬರುವುದೇ ಇಲ್ಲ. ಅದೇ ಮೊನೆಗೆ ಅಲ್ಯೂಮಿನಿಯಂ ಹಾಳೆಯನ್ನು ನಿಂಬೆಹಣ್ಣಿನಷ್ಟು ದೊಡ್ಡ, ನುಣುಪಾದ ಉಂಡೆಯಾಗಿ ಸುತ್ತಿದರೆ ಕಿಡಿ ಮರಳುತ್ತದೆ. ಸೂಜಿ ಅಲ್ಲೇ ಇದೆ, ಬದಲಾಗಿದ್ದು ತುದಿಯ ವಕ್ರತೆ ಮಾತ್ರ.

ಕಾರಣ ತಿಳಿಯಲು 10 ಸೆಂ.ಮೀ. ತ್ರಿಜ್ಯದ ಗೋಳವನ್ನೂ 1 ಮಿ.ಮೀ. ತ್ರಿಜ್ಯದ ಗೋಳವನ್ನೂ ಉದ್ದನೆಯ ತಂತಿಯಿಂದ ಜೋಡಿಸಿದ್ದೇವೆ ಎಂದುಕೊಳ್ಳಿ. ತಂತಿ ಇರುವುದರಿಂದ ಎರಡರ ವಿಭವವೂ ಒಂದೇ. ಗೋಳದ ವಿಭವ, ಆವೇಶವನ್ನು ತ್ರಿಜ್ಯದಿಂದ ಭಾಗಿಸಿದಾಗ ಬರುವುದಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ಚಿಕ್ಕ ಗೋಳಕ್ಕೆ ಸಿಗುವುದು ದೊಡ್ಡದರ ನೂರರಲ್ಲೊಂದು ಪಾಲು ಆವೇಶ. ಆದರೆ ಅದರ ಮೇಲ್ಮೈ ಹತ್ತು ಸಾವಿರದಲ್ಲೊಂದು ಪಾಲು! ಹೀಗಾಗಿ ಅಲ್ಲಿ ಮೇಲ್ಮೈ ಆವೇಶ ಸಾಂದ್ರತೆ ನೂರು ಪಟ್ಟು ಹೆಚ್ಚು, ಮೇಲ್ಮೈಗೆ ತಾಗಿದ ವಿದ್ಯುತ್ ಕ್ಷೇತ್ರವೂ ಅಷ್ಟೇ ಪಟ್ಟು ಹೆಚ್ಚು. ವಿಭವ 10,000 ವೋಲ್ಟ್ ಆದರೆ ದೊಡ್ಡ ಗೋಳದ ಬಳಿ ಕ್ಷೇತ್ರ ಮೀಟರಿಗೆ 1 ಲಕ್ಷ ವೋಲ್ಟ್, ಚಿಕ್ಕದರ ಬಳಿ 1 ಕೋಟಿ. ಗಾಳಿ ತಡೆಯುವುದು ಸುಮಾರು 30 ಲಕ್ಷದವರೆಗೆ.

ಈ ಮಿತಿ ದಾಟಿದರೆ ಗಾಳಿಯಲ್ಲಿ ಹೇಗೂ ಅಲ್ಲೊಂದು ಇಲ್ಲೊಂದು ಇರುವ ಎಲೆಕ್ಟ್ರಾನು ವೇಗ ಪಡೆದು ಅಣುಗಳಿಗೆ ಬಡಿದು, ಅವುಗಳಿಂದ ಹೊಸ ಎಲೆಕ್ಟ್ರಾನುಗಳನ್ನು ಕೀಳುತ್ತದೆ. ನಮ್ಮ ತಟ್ಟೆಯದು ಧನಾವೇಶ. ಎಲೆಕ್ಟ್ರಾನುಗಳು ಮೊನೆಗೆ ನುಗ್ಗಿ ಆ ಆವೇಶವನ್ನು ತಗ್ಗಿಸುತ್ತವೆ, ಧನ ಅಯಾನುಗಳು ದೂರ ತಳ್ಳಲ್ಪಡುತ್ತವೆ. ಸೋರಿಕೆ ಎಂದರೆ ಇದೇ.

ಆದರೆ ತ್ರಿಜ್ಯದ ಲೆಕ್ಕ ದೂರದೂರದ ಗೋಳಗಳಿಗೆ ಮಾತ್ರ ಕರಾರುವಾಕ್ಕು. ತಟ್ಟೆಗೆ ಅಂಟಿದ ಸೂಜಿಯ ತುದಿಯಲ್ಲಿ ಅದು ಅಂದಾಜು ಅಷ್ಟೇ. ಅದೇ ಸೂಜಿಯನ್ನು ಆಳವಾದ ಪಾತ್ರೆಯೊಳಗೆ, ತಳದಲ್ಲಿ ನಿಲ್ಲಿಸಿದರೆ ಅದು ಹೆಚ್ಚುಕಡಿಮೆ ಸೋರುವುದೇ ಇಲ್ಲ, ಏಕೆಂದರೆ ಆವೇಶ ಪಾತ್ರೆಯ ಹೊರಮೈಗೆ ಹೋಗಿ ಕೂರುತ್ತದೆ. ಸೋರಿಕೆ ಕೊನೆಯವರೆಗೂ ನಡೆಯುವುದಿಲ್ಲ ಎಂಬುದನ್ನೂ ಗಮನಿಸಿ. ವಿಭವ ಕೆಲವು ಸಾವಿರ ವೋಲ್ಟಿಗೆ ಇಳಿದಾಗ ಮೊನೆಯ ಕ್ಷೇತ್ರ ಸಾಲದೆ ಅದು ನಿಂತುಬಿಡುತ್ತದೆ. ಕಿಡಿ ಬಾರದ ತಟ್ಟೆಯ ಹತ್ತಿರ ಚೂರು ಕಾಗದ ಹಿಡಿದು ನೋಡಿ, ಇನ್ನೂ ಸೆಳೆಯುತ್ತಿರುತ್ತದೆ.