ಮೆಣಸಿನಕಾಯಿ, ಬದನೆ ಎಲೆ ಹಳದಿಯಾದರೆ ನಾನು ಹೇಗೆ ನೋಡುತ್ತೇನೆ

ಎಲೆ ಹಳದಿ ಕಂಡ ಕೂಡಲೇ ಯೂರಿಯಾ ಚೀಲಕ್ಕೆ ಕೈ ಹಾಕುವವರೇ ಜಾಸ್ತಿ. ನಾನು ಮೊದಲು ನೋಡುವುದು ಹಳದಿ ಯಾವ ಎಲೆಯಲ್ಲಿದೆ ಅಂತ. ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂ ಇವುಗಳಲ್ಲಿ ಯಾವುದು ಸಾಲದೆ ಹೋದರೂ ಗಿಡ ಅದನ್ನು ಹಳೆ ಎಲೆಯಿಂದ ತೆಗೆದು ಚಿಗುರಿಗೆ ಕೊಡುತ್ತದೆ. ಹಾಗಾಗಿ ಕೆಳಗಿನ ಎಲೆಗಳೇ ಮೊದಲು ಕೆಡುತ್ತವೆ. ಕೆಳಗೆಲ್ಲ ಹಸಿರಿದ್ದು ಚಿಗುರು ಮಾತ್ರ ಹಳದಿಯಾಗಿದ್ದರೆ ಕಬ್ಬಿಣದ ಕಡೆ ಯೋಚಿಸಬೇಕು.

ಆಮೇಲೆ ಎಲೆಯ ಯಾವ ಭಾಗ ಅಂತ ನೋಡುತ್ತೇನೆ. ಸಾರಜನಕ ಕಡಿಮೆಯಾದರೆ ನರವೂ ಸೇರಿ ಇಡೀ ಎಲೆ ಬಿಳಿಚಿಕೊಳ್ಳುತ್ತದೆ, ಗಿಡವೂ ಸಣಕಲಾಗುತ್ತದೆ. ಪೊಟ್ಯಾಷ್ ಕಡಿಮೆಯಾದರೆ ತುದಿ ಮತ್ತು ಅಂಚು ಹಳದಿಯಾಗಿ, ನಂತರ ಸುಟ್ಟ ಹಾಗೆ ಕಂದಾಗುತ್ತದೆ. ಕಾಯಿ ತುಂಬುವ ಹೊತ್ತಿಗೆ ಇದು ಜಾಸ್ತಿ. ಮೆಗ್ನೀಷಿಯಂ ಆದರೆ ನರ ಹಸಿರಾಗೇ ಉಳಿದು ನಡುವಿನ ಜಾಗ ಹಳದಿಯಾಗುತ್ತದೆ, ಮೀನಿನ ಮುಳ್ಳು ಬಿಡಿಸಿಟ್ಟ ಹಾಗೆ. ಬದನೆಯ ಅಗಲ ಎಲೆಯಲ್ಲಿ ಇದು ದೂರದಿಂದಲೇ ಗೊತ್ತಾಗುತ್ತದೆ. ಮೆಣಸಿನ ಎಲೆ ಚಿಕ್ಕದು, ಕಿತ್ತು ಬೆಳಕಿಗೆ ಹಿಡಿಯಬೇಕು.

ಹೋದ ಬೇಸಿಗೆ ನಮ್ಮ ಬದನೆಯಲ್ಲಿ ಈ ಮುಳ್ಳಿನ ಗುರುತೇ ಕಂಡಿತು. ಮರಳು ಮಿಶ್ರಿತ ಕೆಂಪು ಮಣ್ಣು. ಕಾಯಿ ಕಚ್ಚಿದಾಗಿನಿಂದ ಡ್ರಿಪ್ಪಿನಲ್ಲಿ ಪೊಟ್ಯಾಷ್ ಹೋಗುತ್ತಿತ್ತು. ಪೊಟ್ಯಾಷ್ ಜಾಸ್ತಿಯಾದರೆ ಬೇರು ಮೆಗ್ನೀಷಿಯಂ ಹೀರುವುದು ಕಡಿಮೆಯಾಗುತ್ತದೆ. ಪಕ್ಕದ ಹೊಲದವರು "ಯೂರಿಯಾ ಬಿಡಣ್ಣ, ಸರಿಯಾಗುತ್ತೆ" ಅಂದರು. ನರ ಹಸಿರಾಗಿತ್ತಲ್ವಾ, ಅದಕ್ಕೆ ನಾನು ಒಪ್ಪಲಿಲ್ಲ. ಪೊಟ್ಯಾಷ್ ಅಳತೆ ತಗ್ಗಿಸಿದೆ. 15 ಲೀಟರ್ ಕ್ಯಾನಿಗೆ 150 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಕರಗಿಸಿ, ಸಂಜೆ ಹೊತ್ತು ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಿದೆ. ವಾರ ಬಿಟ್ಟು ಇನ್ನೊಮ್ಮೆ. ಒಂದು ಸಾಲನ್ನು ಬೇಕಂತಲೇ ಹಾಗೇ ಬಿಟ್ಟಿದ್ದೆ. ಬಿಟ್ಟ ಸಾಲಿನಲ್ಲಿ ಹಳದಿ ಮೇಲಿನ ಎಲೆಗೂ ಹತ್ತಿತು, ಸಿಂಪಡಿಸಿದ ಸಾಲುಗಳಲ್ಲಿ ಅಲ್ಲೇ ನಿಂತಿತು. ಫಲ ಸಿಕ್ಕಿತೋ ಇಲ್ಲವೋ ಅನ್ನುವುದಕ್ಕೆ ನಾನು ನೋಡುವ ಗುರುತು ಇದೇ. ತೀರಾ ಕೆಟ್ಟ ಹಳೆ ಎಲೆ ಪೂರ್ತಿ ಹಸಿರಾಗುವುದಿಲ್ಲ, ಸುಟ್ಟ ಅಂಚಂತೂ ಯಾವತ್ತೂ ಮರಳುವುದಿಲ್ಲ.

ಸಾರಜನಕದ್ದೇ ಅಂತ ಖಾತ್ರಿಯಾದರೆ ಲೀಟರಿಗೆ 10 ಗ್ರಾಂ ಯೂರಿಯಾ ಸಾಕು. ಪೊಟ್ಯಾಷಿಗೆ 13-0-45 ಅನ್ನು ಲೀಟರಿಗೆ 5 ಗ್ರಾಂನಂತೆ ಹೊಡೆಯುತ್ತೇನೆ.

ಬದನೆಯಲ್ಲಿ ಇನ್ನೊಂದು ಮೋಸ ಇದೆ. ಜಿಗಿಹುಳು ರಸ ಹೀರಿದರೂ ಅಂಚು ಹಳದಿಯಾಗಿ ಸುಡುತ್ತದೆ, ಥೇಟ್ ಪೊಟ್ಯಾಷ್ ಕೊರತೆಯಂತೆ. ಆದರೆ ಆಗ ಅಂಚು ಮೇಲಕ್ಕೆ ಮಡಚಿಕೊಂಡಿರುತ್ತದೆ. ಎಲೆ ತಿರುಗಿಸಿದರೆ ಅಡ್ಡಡ್ಡ ಓಡುವ ಸಣ್ಣ ಹಸಿರು ಹುಳು ಸಿಗುತ್ತವೆ. ಅಲ್ಲಿ ಗೊಬ್ಬರ ಹೊಡೆದರೆ ಸುಮ್ನೆ ದುಡ್ಡು ದಂಡ, ಮೊದಲು ಹುಳುವಿಗೆ ಮದ್ದು ನೋಡಬೇಕು.