ಏಳು ಬೋಟುಗಳ ಲೆಕ್ಕದಲ್ಲಿ ನೇಮ್ ಬಾಕ್ಸ್

ಮಲ್ಪೆ ಬಂದರಿನ ಸಮೀಪದ ಒಂದು ಕಚೇರಿಯಲ್ಲಿ ಏಳು ಆಳಸಮುದ್ರ ಬೋಟುಗಳ ಖರ್ಚು-ವೆಚ್ಚದ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಡುವುದು ನನ್ನ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧವಿರುವುದರಿಂದ ನಮ್ಮ ಲೆಕ್ಕದ ವರ್ಷ ಆಗಸ್ಟಿನಲ್ಲಿ ಆರಂಭವಾಗಿ ಮೇ ತಿಂಗಳಿಗೆ ಮುಗಿಯುತ್ತದೆ. ಹೀಗಾಗಿ ಒಂದು ವರ್ಕ್‌ಬುಕ್‌ನಲ್ಲಿ ಹತ್ತು ತಿಂಗಳ ಹತ್ತು ಶೀಟುಗಳು, ಪ್ರತಿ ಶೀಟಿನಲ್ಲೂ ಒಂದರ ಕೆಳಗೊಂದು ಏಳು ಬೋಟುಗಳ ವಿಭಾಗಗಳು, ಕೊನೆಗೆ ಒಟ್ಟು ಮೊತ್ತ ತೋರಿಸುವ ಒಂದು ಶೀಟು ಇರುತ್ತವೆ. ಡೀಸೆಲ್, ಐಸ್, ರೇಷನ್, ಬಲೆ ರಿಪೇರಿ, ಹೀಗೆ ಪ್ರತಿಯೊಂದು ಬಿಲ್ಲಿಗೂ ಒಂದು ಸಾಲು.

ಧಣಿಗಳು ಫೋನ್ ಮಾಡಿ, “ಮೂರನೇ ಬೋಟಿನ ಆಗಸ್ಟಿನ ಡೀಸೆಲ್ ಎಷ್ಟಾಯಿತು ಮಾರಾಯ್ರೆ?” ಎಂದು ಕೇಳಿದಾಗ ಶೀಟು ಬದಲಿಸಿ, ಮೌಸಿನ ಚಕ್ರ ತಿರುಗಿಸುತ್ತ ಆ ವಿಭಾಗವನ್ನು ಹುಡುಕುವಷ್ಟರಲ್ಲಿ ಅವರು ಇನ್ನೊಂದು ಪ್ರಶ್ನೆ ಕೇಳಿರುತ್ತಿದ್ದರು. ಆ ತೊಂದರೆಯನ್ನು ನೀಗಿಸಿಕೊಳ್ಳಲು ಪ್ರತಿ ಬೋಟಿನ ಡೀಸೆಲ್ ಮೊತ್ತಗಳ ಸೆಲ್‌ಗಳಿಗೆ ಒಂದೊಂದು ಹೆಸರು ಕೊಡಲು ನಿರ್ಧರಿಸಿದೆ.

ಹೆಸರಿಡುವ ಕೆಲಸ ಚಿಕ್ಕದು. ಬೇಕಾದ ಸೆಲ್‌ಗಳನ್ನು ಆಯ್ದುಕೊಂಡು, ಫಾರ್ಮುಲಾ ಬಾರ್‌ನ ಎಡಕ್ಕೆ ಸೆಲ್ಲಿನ ವಿಳಾಸ ಕಾಣಿಸುವ ನೇಮ್ ಬಾಕ್ಸ್‌ನ ಮೇಲೆ ಒತ್ತಿ, ಹೆಸರು ಬರೆದು ಎಂಟರ್ ಒತ್ತಬೇಕು. ಎಂಟರ್ ಒತ್ತದೆ ಮೌಸಿನಿಂದ ಬೇರೆ ಕಡೆ ಒತ್ತಿದರೆ ಹೆಸರು ಉಳಿಯುವುದಿಲ್ಲ, ಯಾವ ಎಚ್ಚರಿಕೆಯೂ ಬರುವುದಿಲ್ಲ. ನಾನು ಮೊದಲು ಮೂರನೇ ಬೋಟಿಗೆ BT3 ಎಂದು ಬರೆದೆ. ಹೆಸರು ಉಳಿಯುವ ಬದಲು ಪರದೆ ಬಲಕ್ಕೆ ಹಾರಿ, ಖಾಲಿ ಸೆಲ್‌ಗಳ ನಡುವೆ ನಿಂತಿತು. ಶೀಟಿನ ಕಾಲಂಗಳು XFD ವರೆಗೆ ಇರುವುದರಿಂದ BT3 ಎನ್ನುವುದು BT ಕಾಲಂನ ಮೂರನೇ ಸಾಲಿನ ವಿಳಾಸವೇ ಆಗಿದೆ. ತಿಂಗಳಿನ ಇಂಗ್ಲಿಷ್ ಹೆಸರಿನ ಮೊದಲ ಮೂರು ಅಕ್ಷರದ ಜೊತೆ ವರ್ಷವನ್ನು ಸೇರಿಸಿ AUG2023 ಎಂದು ಬರೆದರೂ ಅದೇ ಕಥೆ. ಹೆಸರಿನ ನಡುವೆ ಅಂಡರ್‌ಸ್ಕೋರ್ ಹಾಕಿದರೆ ಅದು ವಿಳಾಸದಂತೆ ಕಾಣುವುದಿಲ್ಲ. ಆದ್ದರಿಂದ Boat3_Diesel_Aug ಎನ್ನುವ ಕ್ರಮವನ್ನು ಎಲ್ಲ ಬೋಟುಗಳಿಗೂ ಅನುಸರಿಸಿದೆ. ಬಾಕ್ಸಿನ ಪಕ್ಕದ ಬಾಣವನ್ನು ಒತ್ತಿದಾಗ ಪಟ್ಟಿ ಅಕ್ಷರಾನುಕ್ರಮದಲ್ಲಿ ತೆರೆಯುವುದರಿಂದ ಒಂದು ಬೋಟಿನ ಹೆಸರುಗಳೆಲ್ಲ ಒಟ್ಟಿಗೆ ಸಿಗುತ್ತವೆ. ಹೆಸರುಗಳು ಉದ್ದವಾಗಿದ್ದು ಪೂರ್ತಿ ಕಾಣದೆ ಹೋದರೆ ಬಾಕ್ಸಿನ ಬಲ ಅಂಚನ್ನು ಎಳೆದು ಅಗಲ ಮಾಡಿಕೊಳ್ಳಬಹುದು.

ಹಾರುವುದಕ್ಕೆ ಪಟ್ಟಿಯಿಂದ ಆರಿಸಬಹುದು, ಅಥವಾ ಬಾಕ್ಸಿನಲ್ಲೇ ಹೆಸರು ಬರೆದು ಎಂಟರ್ ಒತ್ತಬಹುದು. ಫೋನಿನಲ್ಲಿ ಮಾತನಾಡುತ್ತಿರುವಾಗ ನನಗೆ F5 ಒತ್ತಿದರೆ ತೆರೆಯುವ Go To ಕಿಟಕಿ ಹೆಚ್ಚು ಹಿಡಿಸಿದೆ, ಏಕೆಂದರೆ ಅಲ್ಲಿ ಹೆಸರನ್ನು ಆರಿಸಿ ಹೋದ ಮೇಲೆ ಮತ್ತೊಮ್ಮೆ F5 ಒತ್ತಿದರೆ ನಾನು ಹೊರಟ ಸೆಲ್ಲಿನ ವಿಳಾಸ ಸಿದ್ಧವಾಗಿ ಕುಳಿತಿರುತ್ತದೆ. ಎಂಟರ್ ಒತ್ತಿದರೆ ಬಿಟ್ಟ ಕೆಲಸಕ್ಕೇ ಮರಳಬಹುದು. ಹೆಸರಿಗೆ ಹಾರಿದಾಗ ಅದರ ಸೆಲ್‌ಗಳೆಲ್ಲ ಆಯ್ಕೆಯಾಗಿಯೇ ಇರುವುದರಿಂದ ಕೆಳಗಿನ ಸ್ಟೇಟಸ್ ಬಾರ್‌ನಲ್ಲಿ ಅವುಗಳ ಮೊತ್ತ ಕಾಣುತ್ತದೆ, ಧಣಿಗಳಿಗೆ ಉತ್ತರ ಅಲ್ಲೇ ಸಿಗುತ್ತದೆ. ಒಟ್ಟು ಮೊತ್ತದ ಶೀಟಿನಲ್ಲೂ ಅದೇ ಹೆಸರನ್ನು ಬಳಸಿದೆ:

```
=SUM(Boat3_Diesel_Aug)
```

ಮೊದಲ ತಪ್ಪು ಕಾಣಿಸಿಕೊಂಡದ್ದು ಆಗಸ್ಟ್ ಮುಗಿಯುವ ಮೊದಲೇ. ಈ ಹೆಸರು F68 ರಿಂದ F91 ರವರೆಗಿನ ಸೆಲ್‌ಗಳಿಗೆ ಸೇರಿತ್ತು. ತಡವಾಗಿ ಬಂದ 94,500 ರೂಪಾಯಿಯ ಡೀಸೆಲ್ ಬಿಲ್ಲನ್ನು ನಾನು 92ನೇ ಸಾಲಿನಲ್ಲಿ ಬರೆದೆ, ಆದರೆ ಒಟ್ಟು ಮೊತ್ತ ಅಲುಗಾಡಲಿಲ್ಲ. ಹೆಸರಿನ ವ್ಯಾಪ್ತಿಯ ನಡುವೆ ಸಾಲು ಸೇರಿಸಿದರೆ ಅದು ತಾನಾಗಿ ಹಿಗ್ಗುತ್ತದೆ, ಕೊನೆಯ ಸಾಲಿನ ಕೆಳಗೆ ಬರೆದರೆ ಹಿಗ್ಗುವುದಿಲ್ಲ. ಸರಿಪಡಿಸಲೆಂದು F68 ರಿಂದ F92 ರವರೆಗೆ ಆಯ್ದುಕೊಂಡು ನೇಮ್ ಬಾಕ್ಸ್‌ನಲ್ಲಿ ಅದೇ ಹೆಸರನ್ನು ಮತ್ತೆ ಬರೆದರೆ, ಎಕ್ಸೆಲ್ ನನ್ನನ್ನು ಹಳೆಯ ವ್ಯಾಪ್ತಿಗೇ ಕರೆದೊಯ್ದಿತು. ಈಗಾಗಲೇ ಇರುವ ಹೆಸರನ್ನು ಆ ಬಾಕ್ಸಿನಲ್ಲಿ ಬರೆದರೆ ಅದು ಹೋಗಬೇಕಾದ ಜಾಗವೆಂದಷ್ಟೇ ಅರ್ಥ. ವ್ಯಾಪ್ತಿಯನ್ನು ಬದಲಿಸಬೇಕಾದರೆ Ctrl+F3 ಒತ್ತಿ Name Manager ತೆರೆದು, ಹೆಸರನ್ನು ಆರಿಸಿ, ಕೆಳಗಿನ Refers to ಎಂಬಲ್ಲಿ ವಿಳಾಸ ತಿದ್ದಬೇಕು. ಅಲ್ಲಿ ಬಾಣದ ಕೀಲಿ ಒತ್ತುವ ಮುನ್ನ F2 ಒತ್ತಿಕೊಳ್ಳುವುದು ಮುಖ್ಯ. ಇಲ್ಲದಿದ್ದರೆ ಕರ್ಸರ್ ಸರಿಯುವ ಬದಲು ಬೇರೆ ಸೆಲ್ಲಿನ ವಿಳಾಸ ಆ ಸಾಲಿನೊಳಗೆ ಬಂದು ಸೇರಿಕೊಳ್ಳುತ್ತದೆ.

ಅಂದಿನಿಂದ ಪ್ರತಿ ವಿಭಾಗದ ಕೊನೆಯಲ್ಲಿ ಬೂದು ಬಣ್ಣ ಹಚ್ಚಿದ ಒಂದು ಖಾಲಿ ಸಾಲನ್ನು ಇಟ್ಟು, ಅದನ್ನೂ ಸೇರಿಸಿಯೇ ಹೆಸರು ಕೊಡುತ್ತಿದ್ದೇನೆ. ಹೊಸ ಬಿಲ್ಲು ಬಂದರೆ ಬೂದು ಸಾಲಿನ ಮೇಲ್ಗಡೆ ಸಾಲು ಸೇರಿಸುತ್ತೇನೆ. ಅದು ವ್ಯಾಪ್ತಿಯ ಒಳಗೇ ಆಗುವುದರಿಂದ ಹೆಸರು ಹಿಗ್ಗುತ್ತದೆ. ಖಾಲಿ ಸೆಲ್ ಮೊತ್ತವನ್ನು ಕೆಡಿಸುವುದಿಲ್ಲ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು, ಏಕೆಂದರೆ ಅದು ಕಣ್ಣಿಗೆ ಬೀಳಲಿಲ್ಲ. ಸೆಪ್ಟೆಂಬರ್ ಶೀಟನ್ನು ಹೊಸದಾಗಿ ಮಾಡುವ ಬದಲು ಆಗಸ್ಟ್ ಶೀಟನ್ನು ನಕಲು ಮಾಡಿ, ಮೊತ್ತಗಳನ್ನು ಅಳಿಸಿ, ಹೊಸ ಬಿಲ್ಲುಗಳನ್ನು ತುಂಬಿದೆ. ಅಕ್ಟೋಬರ್ ಮೊದಲ ವಾರ ಸೆಪ್ಟೆಂಬರ್ ಶೀಟು ತೆರೆದಿರುವಾಗಲೇ ಧಣಿಗಳ ಫೋನ್ ಬಂತು. Boat3_Diesel_Aug ಎಂದು ಬರೆದು ಎಂಟರ್ ಒತ್ತಿದೆ, ಕಂಡ ಮೊತ್ತವನ್ನು ಹೇಳಿದೆ. ಡೀಸೆಲ್ ಬಂಕಿನ ಲೆಕ್ಕದ ಜೊತೆ ಹೋಲಿಸಿದಾಗ ಆ ಮೊತ್ತ ತಾಳೆಯಾಗಲಿಲ್ಲ. ನಾನು ಹೇಳಿದ್ದು ಸೆಪ್ಟೆಂಬರಿನ ಮೊತ್ತವಾಗಿತ್ತು.

ನೇಮ್ ಬಾಕ್ಸ್‌ನಲ್ಲಿ ಕೊಟ್ಟ ಹೆಸರು ಇಡೀ ವರ್ಕ್‌ಬುಕ್ಕಿಗೆ ಸಲ್ಲುತ್ತದೆ. ಆದರೆ ಆ ಹೆಸರಿರುವ ಶೀಟನ್ನು ಅದೇ ವರ್ಕ್‌ಬುಕ್‌ನೊಳಗೆ ನಕಲು ಮಾಡಿದಾಗ, ಹೊಸ ಶೀಟಿಗೆ ಮಾತ್ರ ಸಲ್ಲುವ ಅದೇ ಹೆಸರು ಇನ್ನೊಂದು ಹುಟ್ಟಿಕೊಳ್ಳುತ್ತದೆ. ಆ ಶೀಟಿನಲ್ಲಿ ನಿಂತು ಹೆಸರು ಬರೆದರೆ ಅಲ್ಲಿನದ್ದಕ್ಕೇ ಮೊದಲ ಮನ್ನಣೆ. ಬೇರೆ ಶೀಟಿನಿಂದ ಬರೆದರೆ ನಿಜವಾದ ಆಗಸ್ಟಿಗೇ ಹೋಗುತ್ತದೆ. ಒಂದೇ ಹೆಸರು ಎರಡು ಶೀಟುಗಳಿಂದ ಎರಡು ಜಾಗಗಳಿಗೆ ಹೋಗುತ್ತಿದ್ದರೆ ಇದೇ ಕಾರಣವೆಂದು ಸಂದೇಹಪಡಬೇಕು. ಒಟ್ಟು ಮೊತ್ತದ ಶೀಟು ಸರಿಯಾಗಿಯೇ ಇದ್ದುದರಿಂದ ಲೆಕ್ಕ ಕೆಡಲಿಲ್ಲ. ಬಾಯಿಂದ ಹೇಳಿದ ಮೊತ್ತ ಮಾತ್ರ ತಪ್ಪಿತು.

Name Manager ತೆರೆದು Scope ಕಾಲಂ ನೋಡಿದಾಗ ಒಂದು Boat3_Diesel_Aug ಮುಂದೆ Workbook ಎಂದೂ ಇನ್ನೊಂದರ ಮುಂದೆ ಸೆಪ್ಟೆಂಬರ್ ಶೀಟಿನ ಹೆಸರೂ ಇತ್ತು. ಏಳು ಬೋಟುಗಳಿಗೂ ಹೀಗೆಯೇ ಆಗಿತ್ತು. ಅಲ್ಲಿಯ Filter ಗುಂಡಿಯಿಂದ ಶೀಟಿಗೆ ಸೀಮಿತವಾದ ಹೆಸರುಗಳನ್ನಷ್ಟೇ ತೋರಿಸಿಕೊಂಡು ಎಲ್ಲವನ್ನೂ ಅಳಿಸಿದೆ. ನನ್ನ ತಿಂಗಳ ಶೀಟುಗಳಲ್ಲಿ ಆ ಹೆಸರುಗಳನ್ನು ಬಳಸಿದ ಫಾರ್ಮುಲಾಗಳು ಇರಲಿಲ್ಲವಾದ್ದರಿಂದ ಹಾಗೆ ಅಳಿಸಲು ಅಡ್ಡಿಯಾಗಲಿಲ್ಲ. ಇದ್ದಿದ್ದರೆ ಮೊದಲು ಅವುಗಳನ್ನು ನೋಡಿಕೊಳ್ಳಬೇಕಿತ್ತು. Scope ಅನ್ನು ಆಮೇಲೆ ಬದಲಿಸಲು ಬರುವುದಿಲ್ಲ, ಅಳಿಸಿ ಹೊಸದಾಗಿ ಕೊಡಬೇಕು. ಈಗ ಹೆಸರುಗಳೇ ಇಲ್ಲದ ಒಂದು ಖಾಲಿ ಶೀಟನ್ನು ಇಟ್ಟುಕೊಂಡು, ಪ್ರತಿ ತಿಂಗಳೂ ಅದನ್ನೇ ನಕಲು ಮಾಡಿ, ಏಳು ಹೆಸರುಗಳನ್ನು ಕೈಯಿಂದ ಕೊಡುತ್ತೇನೆ. ಇದಕ್ಕೆ ಐದಾರು ನಿಮಿಷ ಸಾಕು.

ಹೆಸರು ಕೊಟ್ಟ ಮೇಲೆ ಶೀಟಿನ ಝೂಮನ್ನು 39 ಶೇಕಡಕ್ಕೆ ಇಳಿಸುತ್ತೇನೆ. ಅಷ್ಟು ಚಿಕ್ಕದಾದಾಗ, ಒಂದಕ್ಕಿಂತ ಹೆಚ್ಚು ಸೆಲ್‌ಗಳಿರುವ ಪ್ರತಿ ವ್ಯಾಪ್ತಿಯ ಮೇಲೂ ಅದರ ಹೆಸರು ಮೂಡುತ್ತದೆ. ಏಳು ಹೆಸರುಗಳೂ ತಮ್ಮ ತಮ್ಮ ಬೋಟಿನ ಮೇಲೆಯೇ ಇವೆಯೇ, ಬೂದು ಸಾಲು ಪ್ರತಿ ವ್ಯಾಪ್ತಿಯ ಒಳಗಿದೆಯೇ ಎಂದು ನೋಡಿ, ಝೂಮನ್ನು 100ಕ್ಕೆ ಏರಿಸಿ ಮೊದಲ ಬಿಲ್ಲನ್ನು ಬರೆಯುತ್ತೇನೆ.