ತಿಂಗಳ ಕೊನೆಯ ರಿವ್ಯೂಗೆ ‘ಬರಲು ಆಗಲ್ಲ’ ಎಂದಿದ್ದು ಹೀಗೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಡಿಸ್‌ಪ್ಯಾಚ್ ನೋಡಿಕೊಳ್ಳುತ್ತೇನೆ. ತಿಂಗಳ ಕೊನೆಯಲ್ಲಿ ಗೇಟ್ ಹತ್ತಿರ ಏನು ಗಲಾಟೆ ಇರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಸೇಲ್ಸ್‌ನವರು ರಿವ್ಯೂ ಇಡುವುದೂ ಅದೇ ವಾರ, ಬೆಳಿಗ್ಗೆ 10ಕ್ಕೆ. ನಾನು ಅಲ್ಲಿ ಕೂತರೆ ಇಲ್ಲಿ ಇನ್‌ವಾಯ್ಸ್‌ಗೆ ಸಹಿ ಬೀಳಲ್ಲ, ಲಾರಿ ಹೊರಡಲ್ಲ. ಒಂದು ದಿನದ ಹಾಲ್ಟಿಂಗ್ ಚಾರ್ಜ್ ಲಾರಿಗೆ ಸುಮಾರು 2,000 ರೂಪಾಯಿ. ಒಂದು ತಿಂಗಳಂತೂ 18,000ದ ಹತ್ತಿರ ಹೋಯಿತು.

ರಿವ್ಯೂಗೆ ಹೋಗಲ್ಲ ಎಂದಾಗ ಜೊತೆಯವರು ನಂಬಲಿಲ್ಲ. ‘ದೊಡ್ಡವರು ಸುಮ್ನಿರಲ್ಲ’ ಎಂದರು.

ಔಟ್‌ಲುಕ್‌ನಲ್ಲಿ ಬರುವ ಮೀಟಿಂಗ್ ಇನ್ವಿಟೇಶನ್‌ಗೆ ಬರೀ Decline ಒತ್ತಿದರೆ ಐದು ನಿಮಿಷದಲ್ಲಿ ಫೋನ್ ಬರುತ್ತಿತ್ತು. Tentative ಒತ್ತಿದರೆ ನನಗೋಸ್ಕರ ಕಾಯುತ್ತಿದ್ದರು, ಅದು ಇನ್ನೂ ಕಷ್ಟ. ನಲವತ್ತು ಸಾಲಿನ ಎಕ್ಸೆಲ್ ಕಳಿಸಿದರೆ ಯಾರೂ ತೆರೆಯಲಿಲ್ಲ. ವಾಟ್ಸಾಪ್‌ನಲ್ಲಿ ಮಾತಾಡಿಯೂ ಕಳಿಸಿ ನೋಡಿದೆ. ಒಬ್ಬರು ಕೇಳಿಸಿಕೊಂಡರು, ಉಳಿದವರು ಅವರನ್ನೇ ಕೇಳಿದರು.

ಸೂಪರ್‌ವೈಸರ್‌ನ ಕಳಿಸಿದಾಗಲೂ ಕೆಲಸ ಕೆಟ್ಟಿತು. ಯಾವ ಪ್ರಶ್ನೆಗೂ ಅವರು ‘ಸರ್‌ನ ಕೇಳಿ ಹೇಳ್ತೀನಿ’ ಎನ್ನಬೇಕಾಯಿತು, ಸಂಜೆಗೆ ಇನ್ನೊಂದು ಮೀಟಿಂಗ್ ಬಂತು. ಹುಡುಗ ಚುರುಕು. ಏನಕ್ಕೆ ಒಪ್ಪಬಹುದು ಅಂತ ಯಾರೂ ಅವರಿಗೆ ಬರೆದು ಕೊಟ್ಟಿರಲಿಲ್ಲ, ಅಷ್ಟೆ. ಕೀಲಿ ಸಿಕ್ಕಿದ್ದು ಅಲ್ಲೇ.

ಈಗ Decline ಒತ್ತಿ, Edit the Response before Sending ಆರಿಸಿ ಹೀಗೆ ಬರೆಯುತ್ತೇನೆ:

‘ಸರ್, 28ರ ರಿವ್ಯೂಗೆ ನನಗೆ ಬರಲು ಆಗುವುದಿಲ್ಲ. 10ರಿಂದ 12ರವರೆಗೆ ಆರು ಲಾರಿ ಲೋಡಿಂಗ್ ಇದೆ. ಬಾಕಿ ಆರ್ಡರ್‌ಗಳ ವಿವರ 27ರ ಸಂಜೆ 5ರೊಳಗೆ ಮೇಲ್‌ನಲ್ಲಿ ತಲುಪುತ್ತದೆ. ನನ್ನ ಬದಲು ನಮ್ಮ ಸೂಪರ್‌ವೈಸರ್ ಬರುತ್ತಾರೆ. ಎರಡು ದಿನದವರೆಗಿನ ತಾರೀಖು ಬದಲಾವಣೆಗೆ ಅವರೇ ಒಪ್ಪಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಮಧ್ಯಾಹ್ನ 2ಕ್ಕೆ ನಾನೇ ಫೋನ್ ಮಾಡುತ್ತೇನೆ.’

‘ಕೆಲಸ ಜಾಸ್ತಿ’ ಎಂದು ಬರೆಯಬೇಡಿ. ಅದು ಎಲ್ಲರಿಗೂ ಇದೆ, ಅಲ್ವಾ? ಆರು ಲಾರಿ ಎಂದರೆ ಯಾರೂ ಎದುರು ಮಾತಾಡಲ್ಲ.

ಹಿಂದಿನ ಸಂಜೆಯ ಮೇಲ್ ಐದಾರು ಸಾಲು ಸಾಕು. ಏನು ಹೋಯಿತು, ಏನು ನಿಂತಿದೆ, ಯಾಕೆ, ಯಾವತ್ತು ಹೋಗುತ್ತೆ. ಅವರಿಂದ ಬೇಕಾದ ತೀರ್ಮಾನ ಇದ್ದರೆ ಅದನ್ನು ಮೊದಲ ಸಾಲಿಗೇ ಹಾಕಿ. ಬೆಳಿಗ್ಗೆ ಕಳಿಸಿದರೆ ಯಾರೂ ಓದಿರಲ್ಲ, ಮೀಟಿಂಗ್‌ನಲ್ಲಿ ಅದನ್ನೇ ಕೇಳುತ್ತಾರೆ.

ಇನ್ವಿಟೇಶನ್ ಅನ್ನು ಸೂಪರ್‌ವೈಸರ್‌ಗೆ ಫಾರ್ವರ್ಡ್ ಮಾಡಿ ಆಮೇಲೆ Decline ಒತ್ತಿ. ಇಲ್ಲದಿದ್ದರೆ ಅದು ಕ್ಯಾಲೆಂಡರ್‌ನಿಂದ ಹೋಗುತ್ತೆ, Deleted Items‌ನಲ್ಲಿ ಹುಡುಕಬೇಕು. ಎಂಡಿ ಕರೆದ ಮೀಟಿಂಗ್‌ಗೆ ಬೇರೆಯೇ ಒಂದು ಸಾಲು ಸೇರಿಸುತ್ತೇನೆ. ಅದನ್ನು ಇಲ್ಲಿ ಹೇಳಲ್ಲ!

ಈಗ ಹಾಲ್ಟಿಂಗ್ ತಿಂಗಳಿಗೆ ಒಂದೆರಡು ಲಾರಿಯದ್ದು ಮಾತ್ರ. ಬೇಡ ಎಂದಿದ್ದ ಸ್ಟೋರ್ಸ್‌ನವರೂ ಇದನ್ನೇ ಮಾಡುತ್ತಿದ್ದಾರೆ. ಗ್ರಾಹಕರ ಕಂಪ್ಲೇಂಟ್ ಮೀಟಿಂಗ್‌ಗೆ ಮಾತ್ರ ಇದು ನಡೆಯಲ್ಲ. ಲೋಡಿಂಗ್ ಒಂದು ಗಂಟೆ ಮುಂದಕ್ಕೆ ಹಾಕಿ ನಾನೇ ಹೋಗುತ್ತೇನೆ.